ದಪ್ಪಕ್ಷರದ ರಾಯರು

ನಮ್ಮ ಬಡಾವಣೆಯಲ್ಲಿ ಯಾರ ರಕ್ತಪರೀಕ್ಷೆಯ ರಿಪೋರ್ಟ್ ಬಂದರೂ ಡಾಕ್ಟರಿಗಿಂತ ಮೊದಲು ರಾಯರ ಕಣ್ಣಿಗೆ ಬೀಳಬೇಕು. ಬಿದ್ದೇ ಬೀಳುತ್ತದೆ. ರಾಯರು ನಿವೃತ್ತ ಆಡಿಟರು. ಅಂಕಿಗಳ ಸಾಲು ಕಂಡರೆ ಅವರ ಕೈ ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತದೆ. ಅವರ ಪದ್ಧತಿ ಸರಳ. ದಪ್ಪಕ್ಷರದಲ್ಲಿ ಅಚ್ಚಾಗಿ ಪಕ್ಕದಲ್ಲಿ ‘ಎಚ್’ ಅಥವಾ ‘ಎಲ್’ ಇದ್ದರೆ ಸುತ್ತ ಒಂದು ಕೆಂಪು ಸೊನ್ನೆ, ಇಲ್ಲದಿದ್ದರೆ ಟಿಕ್. ಸೊನ್ನೆಗಳನ್ನು ಎಣಿಸಿ ಕನ್ನಡಕ ತೆಗೆದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿಗೆ ಹೆದರಿ ಆಸ್ಪತ್ರೆ ಸೇರಿದವರೂ ಇದ್ದಾರೆ.

ಎದುರು ಮನೆಯ ಮೂರು ವರ್ಷದ ಪುಟ್ಟಿಗೆ ನಾಲ್ಕು ದಿನ ಜ್ವರ ಬಿಡಲಿಲ್ಲ. ಡಾಕ್ಟರು ರಕ್ತ ಕೊಡಿಸಿ ಎಂದರು. ಸಂಜೆ ರಿಪೋರ್ಟ್ ಬಂತು. ಅವಳ ಅಮ್ಮ ತೋರಿಸಿದ್ದೇ ತಡ, ರಾಯರು ಒಳಗೆ ಹೋಗಿ ತಮ್ಮ ಸ್ವಂತ ರಿಪೋರ್ಟುಗಳ ಫೈಲ್ ತಂದರು. ಎರಡನ್ನೂ ಜಗುಲಿಯ ಮೇಲೆ ಅಕ್ಕಪಕ್ಕ ಇಟ್ಟು ತಾಳೆ ನೋಡಿದರು.

“ಆಲ್ಕಲೈನ್ ಫಾಸ್ಫಟೇಸ್. ನಂದು 82. ಕೂಸಿಂದು 312! ಮೇಲಿನ ಮಿತಿ 130 ಅಂತ ಅವರೇ ಬರೆದಿದಾರೆ. ಇದು ಲಿವರ್ ಕಣಮ್ಮಾ. ಕಾಮಾಲೆ ಇರಬಹುದು. ನೆಲನೆಲ್ಲಿ ರಸ ಶುರುಮಾಡು.”

“ಕಣ್ಣೇನೂ ಹಳದಿ ಇಲ್ವಲ್ಲ ಅಂಕಲ್...”

“ಕಣ್ಣಿಗೆ ಆಮೇಲೆ ಬರತ್ತೆ, ಕಾಗದಕ್ಕೆ ಮೊದಲು ಬರತ್ತೆ.”

ಲಿಂಫೋಸೈಟ್ 56 ಶೇಕಡಾ, ಮಿತಿ 40. ಅದಕ್ಕೂ ಒಂದು ಕೆಂಪು ಸೊನ್ನೆ ಬಿತ್ತು. ಇಲ್ಲಿ ರಾಯರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆಕಾಶ ನೋಡಿದರು. ಪುಟ್ಟಿಯ ಅಮ್ಮನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ರಾತ್ರಿಯಿಡೀ ಅತ್ತಳು. ಪುಟ್ಟಿ ಮಾತ್ರ ಜ್ವರ ಇಳಿದು ಎರಡು ಇಡ್ಲಿ ತಿಂದು ಮಲಗಿತ್ತು.

ಮಾರನೆಯ ದಿನ ಮಕ್ಕಳ ಡಾಕ್ಟರ ಹತ್ತಿರ ರಾಯರೂ ಹೋದರು, ಫೈಲ್ ಸಮೇತ. ಆ ಡಾಕ್ಟರಮ್ಮ ತಾಳ್ಮೆಯವರು. ಕೆಂಪು ಸೊನ್ನೆಗಳನ್ನೆಲ್ಲ ನೋಡಿ ರಾಯರನ್ನೇ ಕೇಳಿದರು: “ಹೋದ ವರ್ಷದಿಂದ ಈಚೆಗೆ ನೀವು ಎಷ್ಟು ಎತ್ತರ ಬೆಳೆದಿರಿ?”

ರಾಯರಿಗೆ 68 ವರ್ಷ. ಬೆಳೆಯುವುದಿರಲಿ, ಕುಗ್ಗಿಲ್ಲವಲ್ಲ ಎಂಬುದೇ ಸಮಾಧಾನ.

“ಇವಳು ವರ್ಷಕ್ಕೆ ಏಳು ಸೆಂಟಿಮೀಟರ್ ಬೆಳೀತಿದಾಳೆ. ಮೂಳೆ ಕಟ್ಟೋ ಜೀವಕೋಶಗಳೇ ಈ ಫಾಸ್ಫಟೇಸ್ ಅನ್ನ ತಯಾರಿಸೋದು. ನಿಮ್ಮಲ್ಲಿ ಆ ಕೆಲಸ ಮುಗಿದು ರಿಪೇರಿ ಮಾತ್ರ ನಡೀತಿದೆ. ಇವಳಲ್ಲಿ ಹಗಲೂ ರಾತ್ರಿ ಕಟ್ಟಡದ ಕೆಲಸ. ಈ ವಯಸ್ಸಲ್ಲಿ 312 ಸಹಜ. ಹದಿಮೂರು ಹದಿನಾಲ್ಕರ ಹುಡುಗರಲ್ಲಿ 400 ದಾಟೋದೂ ಉಂಟು. ಹುಡುಗೀರಲ್ಲಿ ಬೇಗ, ಹುಡುಗರಲ್ಲಿ ತಡವಾಗಿ ದೊಡ್ಡವರ ಮಟ್ಟಕ್ಕೆ ಇಳಿಯುತ್ತೆ.”

ಆಡಿಟರು ಅಷ್ಟು ಸುಲಭಕ್ಕೆ ಒಪ್ಪುತ್ತಾರೆಯೇ? “ಮೂಳೆಯಿಂದಲೇ ಬಂತು, ಲಿವರಿಂದ ಅಲ್ಲ ಅನ್ನೋದಕ್ಕೆ ವೋಚರ್ ಎಲ್ಲಿ?” ಎಂದರು.

ಒಳ್ಳೆಯ ಪ್ರಶ್ನೆಯೇ. ಡಾಕ್ಟರಮ್ಮ ಅದೇ ಹಾಳೆಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಜಿಜಿಟಿ 14, ಅದಕ್ಕೆ ರಾಯರದೇ ಟಿಕ್ ಇತ್ತು. ಪಿತ್ತನಾಳ ಕಟ್ಟಿಕೊಂಡು ಫಾಸ್ಫಟೇಸ್ ಏರಿದ್ದರೆ ಜಿಜಿಟಿಯೂ ಜೊತೆಗೇ ಏರಬೇಕಿತ್ತು. ಮೂಳೆಯಲ್ಲಿ ಜಿಜಿಟಿ ಹುಟ್ಟುವುದಿಲ್ಲ. ಬಿಲಿರುಬಿನ್ ಕೂಡ 0.4 ಇತ್ತು. ಇನ್ನು ಮೂಳೆಯದೇ ಕಾಯಿಲೆಯಾದ ರಿಕೆಟ್ಸ್ ಇರಬಹುದೇ ಎಂದು ಪುಟ್ಟಿಯ ಮಣಿಕಟ್ಟು ಮುಟ್ಟಿ, ಕಾಲು ಬಾಗಿದೆಯೇ ಎಂದು ನಡೆಸಿ ನೋಡಿದರು. ಮಣಿಕಟ್ಟು ದಪ್ಪವಾಗಿರಲಿಲ್ಲ, ಕಾಲೂ ನೆಟ್ಟಗಿತ್ತು. ನಡೆಸಿದ್ದೇ ನೆಪವಾಗಿ ಪುಟ್ಟಿ ಬಾಗಿಲು ದಾಟಿ ಓಡಿತು.

ಲಿಂಫೋಸೈಟಿನ ಕತೆಯೂ ವಯಸ್ಸಿನದೇ. ಹುಟ್ಟಿದಾಗ ಮಗುವಿನ ರಕ್ತದಲ್ಲಿ ನ್ಯೂಟ್ರೊಫಿಲ್ ಹೆಚ್ಚು. ನಾಲ್ಕೈದು ದಿನಕ್ಕೆ ಲಿಂಫೋಸೈಟ್ ಅದನ್ನು ಹಿಂದೆ ಹಾಕುತ್ತದೆ. ಹೊಸ ಹೊಸ ರೋಗಾಣುಗಳ ಪರಿಚಯ ಮಾಡಿಕೊಳ್ಳುವ ಆ ವರ್ಷಗಳಲ್ಲಿ ಅದರದೇ ಮೇಲುಗೈ. ಮತ್ತೆ ನ್ಯೂಟ್ರೊಫಿಲ್ ಮುಂದಾಗುವುದು ನಾಲ್ಕೈದು ವರ್ಷದ ಸುಮಾರಿಗೆ. ಮೂರರ ಮಗುವಿಗೆ 56 ಇದ್ದರೆ ಆಕಾಶ ನೋಡುವಂಥದ್ದೇನೂ ಇಲ್ಲ.

ಹಾಗಾದರೆ ಲ್ಯಾಬಿನವರು 130 ಎಂದು ಯಾಕೆ ಅಚ್ಚು ಹಾಕಿದರು? ಆ ಮಿತಿ ಎಂದರೆ ಆರೋಗ್ಯವಂತರ ರಕ್ತ ಪರೀಕ್ಷಿಸಿ, ನೂರರಲ್ಲಿ ನಡುವಿನ ತೊಂಬತ್ತೈದು ಜನ ಎಲ್ಲಿಂದ ಎಲ್ಲಿಯವರೆಗೆ ಇದ್ದಾರೆಂದು ಗುರುತಿಸಿದ ಗೆರೆ. ದೊಡ್ಡವರು ತೋಳು ಚಾಚುತ್ತಾರೆ. ಕಾಯಿಲೆಯಿಲ್ಲದ ಮಗುವಿಗೆ ಲೆಕ್ಕಕ್ಕಾಗಿ ಸೂಜಿ ಚುಚ್ಚಲು ಯಾವ ಅಮ್ಮ ಒಪ್ಪುತ್ತಾಳೆ? ಕೆನಡಾದ ಟೊರಾಂಟೊದಲ್ಲಿ ಮಕ್ಕಳ ಆಸ್ಪತ್ರೆಯೊಂದು ‘ಕ್ಯಾಲಿಪರ್’ ಎಂಬ ಹೆಸರಿನಲ್ಲಿ ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತ ಸಂಗ್ರಹಿಸಿ ವಯಸ್ಸಿಗೊಂದು ಮಿತಿ ಕಟ್ಟಿಕೊಟ್ಟಿದೆ. ಅಂಥವು ಇದ್ದರೂ ಎಷ್ಟೋ ಲ್ಯಾಬುಗಳ ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ಪಟ್ಟಿ. ಅಳತೆ ಸರಿಯಾಗಿಯೇ ಇರುತ್ತದೆ, ಪಕ್ಕದ ಮಿತಿ ಮಾತ್ರ ಅಪ್ಪನದು.

ಇಷ್ಟಾದ ಮೇಲೆ ರಾಯರು ಬದಲಾದರು ಎಂದುಕೊಂಡೆವು. ಬದಲಾದರು ಕೂಡ, ಅರ್ಧ. ಮಕ್ಕಳ ರಿಪೋರ್ಟಿನಲ್ಲಿ ‘ಎಚ್’ ಕಂಡರೆ “ಬೆಳೆಯೋ ವಯಸ್ಸು, ಬಿಡಿ” ಎನ್ನತೊಡಗಿದರು. ಟಿಕ್ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅಪಾಯ ಇದ್ದದ್ದು ಅಲ್ಲೇ.

ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವರ ಮಗನಿಗೆ ಐದು ವರ್ಷ. ಮೂರು ವಾರದ ಹಿಂದೆ ಮೊಣಕಾಲಿಗೆ ಕಜ್ಜಿಯಾಗಿ ಮಾಗಿತ್ತು. ಈಗ ಬೆಳಗ್ಗೆ ಎದ್ದರೆ ಮುಖ ಊದಿರುತ್ತದೆ, ಮೂತ್ರ ಟೀ ಡಿಕಾಕ್ಷನ್ ಬಣ್ಣ. ಅಪ್ಪ ತಾನೇ ಲ್ಯಾಬಿಗೆ ಹೋಗಿ ‘ಕಿಡ್ನಿ ಟೆಸ್ಟ್’ ಮಾಡಿಸಿ ತಂದ. ಕ್ರಿಯಾಟಿನಿನ್ 0.9, ಮಿತಿ 0.7ರಿಂದ 1.3. ದಪ್ಪಕ್ಷರ ಇಲ್ಲ. “ನಂದು 1.1, ನಿನ್ನ ಮಗಂದು ನನಗಿಂತ ಚೆನ್ನಾಗಿದೆ ಕಣಯ್ಯ” ಎಂದು ರಾಯರು ಉದ್ದಕ್ಕೆ ಟಿಕ್ ಎಳೆದರು.

ಪುಣ್ಯಕ್ಕೆ ಹುಡುಗನ ತಾಯಿ ಟಿಕ್ಕಿಗಿಂತ ಮಗನ ಮುಖವನ್ನು ನಂಬಿದಳು. ಡಾಕ್ಟರಮ್ಮ ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, 105 ಸೆಂಟಿಮೀಟರ್. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಇಷ್ಟು ಪುಟ್ಟ ದೇಹದ ಮಾಂಸಖಂಡಕ್ಕೆ 0.3, 0.4 ಇದ್ದರೆ ಸರಿ. ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್ನಿಂದ ಭಾಗಿಸಿದರೆ ಮಕ್ಕಳ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಸಿಗುತ್ತದೆ. 0.4 ಇದ್ದಿದ್ದರೆ 108 ಬರುತ್ತಿತ್ತು. 0.9ಕ್ಕೆ ಬಂದದ್ದು 48. ತೊಂಬತ್ತರ ಮೇಲಿರಬೇಕಾದದ್ದು ಅರ್ಧಕ್ಕೆ ಇಳಿದಿತ್ತು. ಕ್ರಿಯಾಟಿನಿನ್ ಇನ್ನೂ ಏರುತ್ತಿದ್ದರೆ ನಿಜವಾದ ಸ್ಥಿತಿ ಅದಕ್ಕಿಂತಲೂ ಕೆಳಗೆ. ಬಿ.ಪಿ. ಏರಿತ್ತು, ಮೂತ್ರದಲ್ಲಿ ರಕ್ತ ಇತ್ತು. ಕಜ್ಜಿಯ ಬ್ಯಾಕ್ಟೀರಿಯಾ ಹೋದ ಮೇಲೆ ಕಿಡ್ನಿಯಲ್ಲಿ ಏಳುವ ಉರಿಯೂತ ಅದು. ಅಂದೇ ಅಡ್ಮಿಟ್ ಮಾಡಿದರು. ಇದರಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಇವನೂ ಚೇತರಿಸಿಕೊಂಡ.

ಪುಟ್ಟಿಯ ಮನೆಯವರಿಗೆ ಕೆಂಪು ಸೊನ್ನೆಯಿಂದ ಹಾಳಾದದ್ದು ಒಂದು ರಾತ್ರಿಯ ನಿದ್ದೆ. ಇಲ್ಲಿ ಟಿಕ್ ನಂಬಿ ಕೂತಿದ್ದರೆ ಹೋಗುತ್ತಿದ್ದದ್ದು ನಿದ್ದೆಯಷ್ಟೇ ಅಲ್ಲ. ಆದ್ದರಿಂದ ನಿಮ್ಮ ಬಡಾವಣೆಯ ರಾಯರಿಗೆ ನನ್ನದೊಂದು ವಿನಂತಿ: ಮಗುವಿನ ರಿಪೋರ್ಟ್ ಕೈಗೆ ಬಂದರೆ ಮೇಲ್ಗಡೆ ಬರೆದ ವಯಸ್ಸನ್ನೂ ಪಕ್ಕದ ಮಿತಿಯನ್ನೂ ಮೊದಲು ಓದಿ. ಆ ಮಿತಿ ನಿಮ್ಮ ರಿಪೋರ್ಟಿನಲ್ಲಿ ಇರುವುದೇ ಆಗಿದ್ದರೆ ಸೊನ್ನೆಯೂ ಬೇಡ, ಟಿಕ್ಕೂ ಬೇಡ. ಪೆನ್ನಿನ ಕ್ಯಾಪ್ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಕಳಿಸಿಕೊಡಿ.