ಆಕ್ಷೇಪಣೆಯಿಲ್ಲವೆಂದು ಬರೆಯುವವರು

ಮಾಲೂರಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಆಡಳಿತ ವಿಭಾಗವನ್ನು ಹೊಕ್ಕರೂ, ಕೋಲಾರದ ಯಾವುದಾದರೊಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಇಣುಕಿದರೂ, ಮೂಗಿನ ತುದಿಗಿಳಿದ ಕನ್ನಡಕದ ಮೇಲಿನಿಂದ ಲೋಕವನ್ನು ಪರಾಂಬರಿಸುತ್ತ ಕುಳಿತ ಮಹನೀಯರೊಬ್ಬರು ಕಣ್ಣಿಗೆ ಬೀಳದಿರರು. ರಜೆಯ ಅರ್ಜಿಗೂ ಮುಂಗಡದ ಅರ್ಜಿಗೂ ಆಕ್ಷೇಪಣೆಯೆತ್ತುವುದನ್ನೇ ವೃತ್ತಿಧರ್ಮವಾಗಿ ಪಾಲಿಸಿಕೊಂಡು ಬಂದ ಇಂಥವರ ಮುಂದೆ ನಿಂತು, ತಮಗೆ ಯಾವ ಆಕ್ಷೇಪಣೆಯೂ ಇಲ್ಲವೆಂದು ಸಹಿ ಮೊಹರಿನೊಡನೆ ಬರೆದುಕೊಡಿರೆಂದು ಬೇಡುವುದು, ಹುಲಿಯ ಬಳಿ ಸಸ್ಯಾಹಾರದ ಪ್ರಮಾಣಪತ್ರ ಕೇಳಿದಂತೆಯೇ ಸರಿ.

ಇಂಥವರೊಬ್ಬರ ಬಳಿ ಶ್ರೀನಿವಾಸಪುರದ ಮಾವಿನ ತೋಟದವರ ಮಗನೊಬ್ಬನು ಹೋಗಿ ನಿಂತನು. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್‌ಸಿ. ಓದಲು ಅವನಿಗೆ ಸ್ಥಳ ದೊರೆತಿತ್ತು. ಸಂಬಳವಿಲ್ಲದ ರಜೆಗೆ ಮೇಲಿನವರು ಬಾಯ್ಮಾತಿನಲ್ಲಿ ಒಪ್ಪಿದ್ದರು. ಖಾಸಗಿ ನೌಕರನಿಗೆ ವೀಸಾ ನಿಯಮಗಳು ಈ ನಿರಾಕ್ಷೇಪಣಾ ಪತ್ರವನ್ನು ಕಡ್ಡಾಯ ಮಾಡಿರಲಿಲ್ಲವಾದರೂ, ಓದು ಮುಗಿಸಿ ಮರಳಲು ಊರಿನಲ್ಲೊಂದು ಕೆಲಸ ಕಾದಿದೆಯೆಂಬುದಕ್ಕೆ ಅದು ಸಾಕ್ಷಿಯಾಗಲೆಂದು ಅವನು ಬಯಸಿದ್ದನು.

“ಪಾಸ್‌ಪೋರ್ಟಿಗೆ ತಾನೇ?” ಎಂದರು ಸಾಹೇಬರು.

“ಅಲ್ಲ ಸಾರ್, ಪಾಸ್‌ಪೋರ್ಟ್ ಇದೆ. ವೀಸಾಗೆ.”

“ಎರಡೂ ಒಂದೇನಪ್ಪ.”

ಎರಡೂ ಒಂದಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಲೇಸು. ಮುಳಬಾಗಿಲಿನ ಸರ್ಕಾರಿ ಶಾಲೆಯ ಮೇಷ್ಟರಿಗಾದರೆ ಪಾಸ್‌ಪೋರ್ಟ್ ಪಡೆಯಲು ಇಲಾಖೆಯ ನಿರಾಕ್ಷೇಪಣಾ ಪತ್ರವಾಗಲಿ, ಅರ್ಜಿ ಹಾಕುತ್ತಿರುವೆನೆಂದು ಮೇಲಧಿಕಾರಿಗೆ ತಾವೇ ಮುಂಚಿತವಾಗಿ ಕೊಟ್ಟ ತಿಳಿವಳಿಕೆ ಪತ್ರವಾಗಲಿ ಸಾಕು. ಆದರೆ ವಿದೇಶಕ್ಕೆ ಹೊರಡಲು ಅನುಮತಿಯೂ ರಜೆಯೂ ಬೇರೆಯಾಗಿಯೇ ಮಂಜೂರಾಗಬೇಕು. ವೀಸಾ ಅಧಿಕಾರಿ ಓದುವ ಪತ್ರವು ಇವೆರಡರಿಂದಲೂ ಭಿನ್ನವಾದುದು. ಅರ್ಜಿದಾರನು ಯಾವಾಗ ಸೇರಿದನು, ಏನು ಕೆಲಸ ಮಾಡುತ್ತಾನೆ, ಎಷ್ಟು ಸಂಬಳ, ಯಾವ ದಿನದಿಂದ ಯಾವ ದಿನದವರೆಗೆ ರಜೆ, ಖರ್ಚು ಯಾರದು, ಹಿಂದಿರುಗಿದರೆ ಕೆಲಸವುಂಟೇ, ಇಷ್ಟನ್ನು ಸಂಸ್ಥೆಯ ಶಿರೋನಾಮೆಯ ಕಾಗದದ ಮೇಲೆ ಅದು ಹೇಳಬೇಕು.

ಸಾಹೇಬರ ಮೊದಲನೆಯ ಕರಡು ಹೊರಬಿದ್ದಿತು: ‘ಸದರಿ ನೌಕರನ ವಿದೇಶ ವ್ಯಾಸಂಗಕ್ಕೆ ಸಂಸ್ಥೆಯ ಆಕ್ಷೇಪಣೆ ಇರುವುದಿಲ್ಲ, ಆದರೆ ಮುಂದೆ ಆಕ್ಷೇಪಿಸುವ ಹಕ್ಕನ್ನು ಕಾಯ್ದಿರಿಸಿಕೊಳ್ಳಲಾಗಿದೆ.’ ಹುಡುಗನು ಅದನ್ನು ಓದಿ, ಮನೆಗೆ ಹೋಗಿ, ಮರುದಿನ ಒಂದು ಬುಟ್ಟಿ ಬಾದಾಮಿ ಮಾವಿನೊಡನೆ ಬಂದನು.

ಎರಡನೆಯ ಕರಡಿನಲ್ಲಿ ಹಕ್ಕು ಮಾಯವಾಗಿತ್ತು. ಅದರ ಸ್ಥಾನದಲ್ಲಿ ‘ವೆಚ್ಚವು ಸಂಸ್ಥೆಯ ನಿಯಮಾನುಸಾರ’ ಎಂಬ ಗಂಭೀರವಾದ ವಾಕ್ಯವೊಂದು ಕುಳಿತಿತ್ತು. ಈ ವಾಕ್ಯಕ್ಕೆ ಅರ್ಥವೇನೆಂದು ಬರೆದವರಿಗೂ ತಿಳಿಯದು. ಸಕಲ ಪತ್ರಗಳಿಗೂ ಇದನ್ನು ಸೇರಿಸುವುದು ಅವರ ವಾಡಿಕೆ. ಆದರೆ ಓದುವವನು ಖರ್ಚು ಕಂಪನಿಯದೆಂದು ಗ್ರಹಿಸಿದನೆಂದರೆ ಅನರ್ಥ. ಅತ್ತ ಹುಡುಗನ ತಂದೆಯು ಮಾವು ಮಾರಿ ಬಂದ ಹಣವನ್ನು, ಬ್ರಿಟನ್ನಿನ ನಿಯಮದಂತೆ, 28 ದಿನ ಸತತವಾಗಿ ಖಾತೆಯಲ್ಲಿ ಮುಟ್ಟದೆ ಕಾದಿದ್ದರು. ಅರ್ಜಿ ತಂದೆಯ ಹಣವೆನ್ನುವುದು, ಪತ್ರ ಕಂಪನಿಯ ಹಣವೆನ್ನುವುದು. ಇಂಥ ವಿರೋಧವನ್ನು ಕಂಡ ಅಧಿಕಾರಿಗೆ ಸಂಶಯ ಹುಟ್ಟದಿದ್ದೀತೆ? ‘ಸಂಪೂರ್ಣ ವೆಚ್ಚ ಅರ್ಜಿದಾರನ ಕುಟುಂಬದ್ದು, ರಜಾವಧಿಯಲ್ಲಿ ಸಂಬಳವಿಲ್ಲ’ ಎಂದು ತಿದ್ದಿಸಲು ಇನ್ನೊಂದು ಬುಟ್ಟಿ ಬೇಕಾಯಿತು. ಈ ಸಲ ಮಲ್ಲಿಕಾ.

ಮೂರನೆಯ ಕರಡಿನಲ್ಲಿ ಎಲ್ಲವೂ ಸರಿಯಿತ್ತು, ಹೆಸರೊಂದನ್ನು ಬಿಟ್ಟು. ನಮ್ಮ ಕಡೆಯವರ ಇನಿಷಿಯಲ್‌ಗಳ ಲೀಲೆ ಗೊತ್ತಿದ್ದದ್ದೇ: ಹಾಜರಿ ಪುಸ್ತಕದಲ್ಲಿ ಊರಿನದೊಂದು ತಂದೆಯದೊಂದು ಅಕ್ಷರ ಮುಂದೆ ನಿಂತಿದ್ದರೆ, ಪಾಸ್‌ಪೋರ್ಟಿನಲ್ಲಿ ಅವೇ ಪೂರ್ಣರೂಪ ತಾಳಿ ಹೆಸರಿನ ಹಿಂದೆ ಹೋಗಿರುತ್ತವೆ. “ನಮ್ಮ ದಾಖಲೆಯಲ್ಲಿ ನೀನು ಹೀಗೇ ಇದ್ದೀಯ, ಬೇರೆಯವನಿಗೆ ನಾನು ಹೇಗೆ ಕೊಡಲಿ?” ಎಂದು ಸಾಹೇಬರು ತತ್ತ್ವಜ್ಞಾನಿಯಾದರು. ಕೊನೆಗೆ ಪಾಸ್‌ಪೋರ್ಟಿನ ಹೆಸರನ್ನೂ ಸಂಖ್ಯೆಯನ್ನೂ ಮೊದಲು ಬರೆದು, ‘ನಮ್ಮ ದಾಖಲೆಗಳಲ್ಲಿ ಹೀಗೆ’ ಎಂದು ಪಕ್ಕದಲ್ಲಿ ನೌಕರಿಯ ಹೆಸರನ್ನು ಸೇರಿಸುವ ಸಂಧಿ ಏರ್ಪಟ್ಟಿತು. ಕುರುಡುಮಲೆಯ ಗಣಪತಿಗೆ ಹುಡುಗನ ತಾಯಿ ಹೊತ್ತಿದ್ದ ಹರಕೆಯೂ ಇದರಲ್ಲಿ ಕೆಲಸ ಮಾಡಿರಬಹುದು.

ಸಹಿ ಬಿದ್ದಿತು, ಮೊಹರು ಬಿದ್ದಿತು. ಮಾವು ತಿಂದವರೆಂಬ ಕಾರಣಕ್ಕೆ ಸಾಹೇಬರನ್ನು ದುಷ್ಟರೆನ್ನಲಾಗದು. ಬರೆದುಕೊಟ್ಟ ಮಾತು ನಾಳೆ ತಮ್ಮ ಕುತ್ತಿಗೆಗೆ ಬಂದೀತೆಂಬ ಭಯವೇ ಅವರ ಸರ್ವಸ್ವ. ಆ ಭಯದಿಂದಲೇ ಅವರು ಪತ್ರದಲ್ಲಿ ತಮ್ಮ ಮೊಬೈಲ್ ಸಂಖ್ಯೆಯನ್ನು ಕೊಡದೆ ಗೇಟಿನ ಫೋನಿನ ಸಂಖ್ಯೆಯನ್ನು ಕೊಟ್ಟರು. ಇಂಥ ಪತ್ರಗಳನ್ನು ಪರಿಶೀಲಿಸುವವರು ಒಮ್ಮೊಮ್ಮೆ ಕರೆ ಮಾಡಿ ವಿಚಾರಿಸುವುದುಂಟು. ಒಂದು ಮಧ್ಯಾಹ್ನ ಕಾವಲುಗಾರನು ಫೋನೆತ್ತಿ, ಹುಡುಗನ ಹೆಸರು ಕೇಳಿದೊಡನೆ, “ಆಯಪ್ಪ ಇಲ್ಲ ಸಾರ್, ಬಿಟ್ಟು ಹೊಂಟೋದ” ಎಂದನು. ಪುಣ್ಯವಶಾತ್ ಆ ಕರೆ ಬ್ಯಾಂಕಿನ ಸಾಲ ವಿಭಾಗದ್ದಾಗಿತ್ತು.

ಆದ್ದರಿಂದ ಈ ಪತ್ರ ಬೇಡಲು ಹೊರಟ ಓದುಗರಲ್ಲಿ ನನ್ನ ವಿನಂತಿ: ಕರಡನ್ನು ನೀವೇ ಬರೆದೊಯ್ಯಿರಿ, ಹೆಸರನ್ನು ಪಾಸ್‌ಪೋರ್ಟಿನಿಂದಲೇ ಇಳಿಸಿರಿ, ರಜೆಯ ತಾರೀಖುಗಳನ್ನು ಪ್ರವೇಶ ಪತ್ರದೊಡನೆ ಹೋಲಿಸಿ ನೋಡಿರಿ, ಗೇಟಿನವನಿಗೂ ಒಂದು ಮಾತು ಹೇಳಿರಿ.