ಎಲೆಗೆಷ್ಟು, ಭಟ್ರೇ?

ಮಗಳ ಮದುವೆ ನಿಶ್ಚಯವಾದ ಮಾರನೆಯ ದಿನದಿಂದ ನನಗೆ ಮನುಷ್ಯರು ಮನುಷ್ಯರಾಗಿ ಕಾಣುವುದು ನಿಂತುಹೋಯಿತು. ಬೆಳಿಗ್ಗೆ ವಾಕಿಂಗಿನಲ್ಲಿ ಎದುರಾಗಿ ನಮಸ್ಕಾರ ಹೇಳಿದವರು ಒಂದು ಎಲೆ. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಇಷ್ಟೂ ಜನರ ಜತೆ ದೇವಸ್ಥಾನದಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿ ಐದು ಎಲೆ. ಕೆಲವರನ್ನು ಕಂಡರೆ, ಇವರು ಬಂದೇ ಬರುತ್ತಾರೆ, ಬರುವಾಗ ಇನ್ನಿಬ್ಬರನ್ನೂ ಕರೆದುಕೊಂಡು ಬರುತ್ತಾರೆ ಎಂದು ಮನಸ್ಸು ತಾನೇ ಕೂಡಿಸಿಕೊಳ್ಳುತ್ತಿತ್ತು.

ಈ ಕಾಯಿಲೆ ಅಂಟಿಸಿದವರು ಅಡುಗೆ ಕಂಟ್ರಾಕ್ಟಿನ ಭಟ್ಟರು. ಮೈಸೂರಿನಲ್ಲಿ ಛತ್ರ ಸಿಕ್ಕ ದಿನವೇ ಅವರ ಮನೆಗೆ ಹೋದೆವು. ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಅಡುಗೆಯವರನ್ನು ಗೊತ್ತುಮಾಡಲು ಹೋದವರಿಗೆ ಕಾಫಿ ಚೆನ್ನಾಗಿ ಕೊಡುತ್ತಾರೆ, ಮಿಕ್ಕದ್ದೆಲ್ಲ ಆಮೇಲೆ. ಕುಶಲೋಪರಿ ಮುಗಿಯುತ್ತಲೇ ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ: "ಎಲೆಗೆಷ್ಟು, ಭಟ್ರೇ?"

"ಮೊದಲು ಎಲೆ ಎಷ್ಟು ಅಂತ ಹೇಳಿ ಸಾರ್. ಎಲೆಗೆಷ್ಟು ಅಂತ ನಾನು ಆಮೇಲೆ ಹೇಳ್ತೀನಿ" ಎಂದರು.

ನನ್ನ ಅಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಡುಗೆಯವರು ಸಾಮಾನಿನ ಪಟ್ಟಿ ಬರೆದುಕೊಡುತ್ತಿದ್ದರು, ನಾವು ತಂದುಹಾಕುತ್ತಿದ್ದೆವು, ಅವರಿಗೆ ಕೂಲಿ ಮಾತ್ರ. ಉಗ್ರಾಣದ ಬೀಗದಕೈ ನಮ್ಮ ಸೋದರತ್ತೆಯ ಸೊಂಟದಲ್ಲಿ. ಪಾಯಸಕ್ಕೆ ಗೋಡಂಬಿ ಬೇಕೆಂದರೆ ಆಕೆ ಬೊಗಸೆಯಲ್ಲಲ್ಲ, ಎಣಿಸಿ ಕೊಟ್ಟಳೆಂದು ಇಂದಿಗೂ ನಮ್ಮ ಮನೆಯಲ್ಲಿ ಪ್ರತೀತಿ. ಆಗ ನೂರು ಜನ ಹೆಚ್ಚು ಬಂದರೆ ಸಾರಿಗೆ ನೀರು ಬೀಳುತ್ತಿತ್ತು, ಕಡಿಮೆ ಬಂದರೆ ಉಳಿದ ಲಾಡು ಹದಿನೈದು ದಿನ ನಮ್ಮ ಬಾಯಿಗೆ ಬೀಳುತ್ತಿತ್ತು. ಲಾಭ ನಷ್ಟ ಎರಡೂ ಡಬ್ಬಿಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ಈಗ ಸೋದರತ್ತೆಯ ಕೆಲಸವನ್ನೂ ಭಟ್ಟರೇ ವಹಿಸಿಕೊಂಡು, ಅದನ್ನೆಲ್ಲ ಒಂದು ಬಾಳೆಲೆಯ ಮೇಲೆ ಬಡಿಸಿ ಒಂದೇ ಅಂಕಿ ಹೇಳುತ್ತಾರೆ.

ಒಂದೇ ಅಂಕಿ ಎಂದೆನೇ? ತಪ್ಪಾಯಿತು. ಹಿಂದಿನ ಸಂಜೆಯ ಆರತಕ್ಷತೆ ಊಟಕ್ಕೆ ಭಟ್ಟರು ಮೂರು ಹಾಳೆ ಮುಂದಿಟ್ಟರು: ಸಿಲ್ವರ್ 380, ಗೋಲ್ಡ್ 480, ಡೈಮಂಡ್ 620 ರೂಪಾಯಿ. ಸಾರಿಗೆ ಒಡವೆ ಅಂಗಡಿಯ ಹೆಸರೇಕೆ ಎಂದು ಕೇಳಬೇಕೆನಿಸಿತು. ಆದರೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ವಿಷಯ ತಿಳಿಯಿತು. ಅನ್ನ, ಸಾರು, ಹುಳಿ, ಪಲ್ಯ, ಕೋಸಂಬರಿ, ಹಪ್ಪಳ, ಮೊಸರು ಮೂರರಲ್ಲೂ ಒಂದೇ. ಹೊಟ್ಟೆ ತುಂಬುವುದು ಇದರಿಂದಲೇ. ಬೆಳ್ಳಿಯಿಂದ ಚಿನ್ನಕ್ಕೆ ಏರುವ ನೂರು ರೂಪಾಯಿಗೆ ಇನ್ನೊಂದು ಸಿಹಿ, ರೊಟ್ಟಿ ಮತ್ತು ಕುರ್ಮ, ಐಸ್‌ಕ್ರೀಮು, ಬೀಡ. ವಜ್ರಕ್ಕೆ ಏರಿದರೆ ಚಾಟ್ ಮತ್ತು ಎದುರಿಗೇ ಹುಯ್ದುಕೊಡುವ ದೋಸೆ.

ಬೆಳ್ಳಿಯ ಹಾಳೆಯಲ್ಲಿ ಸಿಹಿ ಒಂದೇ ಇತ್ತು, ಅದೂ ಕೇಸರಿಭಾತು. "ಬೀಗರ ಎದುರಿಗೆ ಕೇಸರಿಭಾತಾ?" ಎಂದಳು ನನ್ನಾಕೆ. ಭಟ್ಟರು ಏನೂ ಹೇಳಲಿಲ್ಲ, ಮುಗುಳ್ನಕ್ಕರು. ಆ ಕೇಸರಿಭಾತು ಇರುವುದೇ ಆ ಮಾತು ಹೊರಡಿಸಲಿಕ್ಕೆ ಎಂದು ನನಗೆ ಆಮೇಲೆ ಹೊಳೆಯಿತು. ಹಾಗೆಯೇ ವಜ್ರ ಇರುವುದು, ಚಿನ್ನ ಆರಿಸಿದವನಿಗೆ ತಾನು ಮಿತವ್ಯಯಿ ಎಂಬ ಸಮಾಧಾನ ಸಿಗಲಿಕ್ಕೆ. ನಾವು ಚಿನ್ನ ಎಂದೆವು. ಜತೆಗೆ, ನನ್ನ ಭಾವಮೈದುನನ ಒತ್ತಾಯಕ್ಕೆ, ಚಾಟನ್ನು ಬಿಡಿಯಾಗಿ ಸೇರಿಸಿಕೊಳ್ಳಲು ಕೇಳಿದೆವು. ಭಟ್ಟರು ಉದಾರವಾಗಿ, "ಹಾಕ್ಕೊಡೋಣ ಬಿಡಿ, ರೇಟು ಅದೇ ಇರಲಿ" ಎಂದರು. ಆ ಔದಾರ್ಯದ ಮರ್ಮ ಮುಂದೆ ಬರುತ್ತದೆ.

ದೋಸೆ ಮಾತ್ರ ಬೇಡವೆಂದೆ. ಈ ಒಂದು ವಿಷಯದಲ್ಲಿ ನಾನು ಅನುಭವಸ್ಥ. ಕಾವಲಿ ಒಂದೇ ಇದ್ದು ಸಾಲಿನಲ್ಲಿ ಅರವತ್ತು ಜನ ನಿಂತರೆ, ದೋಸೆ ಕೈಗೆ ಬರುವ ಹೊತ್ತಿಗೆ ಅಕ್ಕಪಕ್ಕದವರ ಗೋತ್ರ, ಸೂತ್ರ, ಮಂಡಿನೋವು ಎಲ್ಲ ಗೊತ್ತಾಗಿರುತ್ತದೆ.

ಇನ್ನು ಎಲೆಗಳ ಸಂಖ್ಯೆ. ಕರೆಯೋಲೆ ಅಚ್ಚು ಹಾಕಿಸಿದ್ದು 320. ನಾನು ಸಂಜೆಗೆ 400 ಎಂದೆ, ಭಟ್ಟರು 500 ಎಂದರು. ಅವರ ಭಾಷೆಯಲ್ಲಿ ಇದಕ್ಕೆ 'ಮಿನಿಮಮ್ ಗ್ಯಾರಂಟಿ' ಎಂದು ಹೆಸರು. ಬಂದವರು ಅದಕ್ಕಿಂತ ಕಡಿಮೆಯಾದರೂ ಅಷ್ಟರ ದುಡ್ಡು ಕೊಡಬೇಕು. ಬಾರದವರ ಊಟಕ್ಕೆ ನಾನೇಕೆ ಕೊಡಲಿ ಎಂದು ನ್ಯಾಯ ಕೇಳಿದೆ.

"ನೂರು ಎಲೆಗೂ ಮುಖ್ಯ ಅಡುಗೆಯವನು ಒಬ್ಬನೇ, ಐನೂರಕ್ಕೂ ಅವನೊಬ್ಬನೇ ಸಾರ್. ಪಾತ್ರೆ ತರೋ ಗಾಡಿಗೆ ಅರ್ಧ ಬಾಡಿಗೆ ಅಂತ ಇಲ್ಲ. ಬಡಿಸೋ ಹುಡುಗರಿಗೆ ಮುಂಗಡ ಕೊಟ್ಟು ಹಿಡಿದಿಟ್ಟಿರ್ತೀನಿ. ಜನ ಬರಲಿಲ್ಲ ಅಂತ ಅವರನ್ನ ವಾಪಸ್ ಕಳಿಸೋಕಾಗುತ್ತಾ? ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತ ಇಲ್ಲ. ಆಗಲೂ ಅವರ ಮನೇಲಿ ಒಲೆ ಉರಿಬೇಕು." ಇಷ್ಟು ಹೇಳಿ ಮತ್ತೊಂದು ಸೇರಿಸಿದರು. ನಮ್ಮದು ಒಳ್ಳೆಯ ಮುಹೂರ್ತದ ದಿನ. ಅವತ್ತು ಅವರನ್ನು ಇನ್ನೂ ಮೂರು ಮನೆಯವರು ಕೇಳಿದ್ದಾರೆ. ಖಾಲಿ ದಿನವಾಗಿದ್ದರೆ 300ಕ್ಕೂ ಒಪ್ಪುತ್ತಿದ್ದರಂತೆ.

"ಬೇಕಾದ್ರೆ 400ಕ್ಕೆ ಇಳಿಸ್ತೀನಿ. ಆಗ ಎಲೆಗೆ 520 ಆಗುತ್ತೆ" ಎಂದರು.

ನಾಲ್ಕು ನೂರ ಎಂಬತ್ತೆಲ್ಲಿ, ಐನೂರ ಇಪ್ಪತ್ತೆಲ್ಲಿ! ನಲವತ್ತು ರೂಪಾಯಿ ಉಳಿಸಿದ ಹೆಮ್ಮೆಯಲ್ಲಿ 500ಕ್ಕೆ ತಲೆಯಾಡಿಸಿದೆ. 500 ಎಲೆಗೆ 480ರಂತೆ 2,40,000 ರೂಪಾಯಿ, ಮೇಲೆ ಶೇಕಡ 5 ಜಿಎಸ್‌ಟಿ. ಮಾರನೆಯ ಮುಹೂರ್ತದ ಊಟಕ್ಕೆ ಎಲೆಗೆ 420ರಂತೆ 250 ಎಲೆಯ ಗ್ಯಾರಂಟಿ. ಗ್ಯಾರಂಟಿಯ ಮೇಲೆ ಶೇಕಡ 10ರ ತನಕ ಅದೇ ದರ, ಅದನ್ನು ದಾಟಿದರೆ ಎಲೆಗೆ 500. ಹಾಳೆಯ ಕೊನೆಯಲ್ಲಿ ಸಣ್ಣಕ್ಷರದ ಇನ್ನೊಂದು ಸಾಲಿತ್ತು, ಪ್ರತಿ ಊಟದ ಲೆಕ್ಕ ಬೇರೆಬೇರೆ ಎಂದು. ಅದಕ್ಕೂ ರುಜು ಹಾಕಿದೆ.

ಆರತಕ್ಷತೆಯ ಸಂಜೆ ಆರೂವರೆಗೆ ಮಳೆ ಹಿಡಿಯಿತು. ಅಂತಿಂಥ ಮಳೆಯಲ್ಲ, ಸ್ಕೂಟರಿನವರನ್ನೆಲ್ಲ ಮನೆಯಲ್ಲೇ ಕೂರಿಸುವ ಮಳೆ. ನಾನು ಬಾಗಿಲಲ್ಲಿ ನಿಂತು ಪನ್ನೀರು ಎರಚುತ್ತಾ, ಆಕಾಶ ನೋಡುತ್ತಾ, ಪ್ರತಿ ಗುಡುಗಿಗೂ 480 ಕಳೆಯುತ್ತಿದ್ದೆ.

ಆ ರಾತ್ರಿ ಊಟ ಬಫೆ. ಎಲೆ ಎಂಬುದು ಮಾತಿಗೆ ಮಾತ್ರ, ಎಣಿಸುವುದು ತಟ್ಟೆಯನ್ನು. ಇಷ್ಟು ತಟ್ಟೆ ತಂದೆವು, ಇಷ್ಟು ಉಳಿಯಿತು, ಕಳೆದದ್ದು ಬಂದ ಜನ. ಭಟ್ಟರ ಹುಡುಗ ಬಂದು "496 ಸಾರ್" ಎಂದಾಗ ನನಗೆ ಸಂತೋಷವೇ ಆಯಿತು. ಗ್ಯಾರಂಟಿ ದಂಡವಾಗಲಿಲ್ಲವಲ್ಲ! ಆದರೆ ನಮ್ಮ ದೊಡ್ಡಪ್ಪ ನಂಬಲಿಲ್ಲ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ನಿವೃತ್ತರಾದವರು. ಯಾರೂ ಹೇಳದಿದ್ದರೂ ಊಟದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತಲೆ ಎಣಿಸಿದ್ದರು. ಅವರ ಲೆಕ್ಕ 430.

"66 ತಟ್ಟೆ ವ್ಯತ್ಯಾಸ. ಹುಡುಕಬೇಕು" ಎಂದರು. ಹುಡುಕಿದರು ಕೂಡ. ಚಾಟ್ ತಿಂದವರು ಊಟದ ತಟ್ಟೆಯಲ್ಲೇ ಹಾಕಿಸಿಕೊಂಡು, ಹುಳಿಸಿಹಿ ಚಟ್ನಿ ಮೆತ್ತಿದ ಅದನ್ನು ತೊಟ್ಟಿಗಿಟ್ಟು, ಅನ್ನಕ್ಕೆ ಹೊಸ ತಟ್ಟೆ ಎತ್ತಿಕೊಂಡಿದ್ದರು. ಒಬ್ಬ ಮನುಷ್ಯ, ಎರಡು ತಟ್ಟೆ. ಭಟ್ಟರು ಚಾಟನ್ನು ಪುಕ್ಕಟೆ ಕೊಟ್ಟದ್ದು ಇದಕ್ಕೋ ಅಲ್ಲವೋ ನಾನು ಹೇಳಲಾರೆ. ಅವರು ದೊಡ್ಡಪ್ಪನ ಅಂಕಿಯನ್ನು ತಕರಾರಿಲ್ಲದೆ ಒಪ್ಪಿಕೊಂಡರು. ಆದರೆ ಚಾಟಿಗೆ ದೊನ್ನೆ ಇಡಬೇಕೆಂದು ಮೊದಲೇ ಬರೆಸಿಕೊಳ್ಳುವಷ್ಟು ಬುದ್ಧಿ ನನಗಿರಬೇಕಿತ್ತು. ಜನ ಇನ್ನೂ ಹೆಚ್ಚು ಬಂದು ಗ್ಯಾರಂಟಿ ದಾಟಿದ್ದರೆ ಆ 66 ತಟ್ಟೆಗೂ ದುಡ್ಡು ತೆರುತ್ತಿದ್ದೆ.

430 ಎಂದು ಇತ್ಯರ್ಥವಾಗಿ ಬಂದ ಲಾಭವೇನು? ಏನೂ ಇಲ್ಲ. ಗ್ಯಾರಂಟಿ 500. ಬಾರದ 70 ಜನರ ಊಟ 33,600 ರೂಪಾಯಿ ಮಳೆಯಲ್ಲಿ ಹೋಯಿತು. ಮಲಗುವ ಮುಂಚೆ ನನ್ನಾಕೆ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದಳು.

"ರೀ, ಆ 400ರ ಗ್ಯಾರಂಟಿ ಒಪ್ಪಿದ್ದಿದ್ರೆ 430 ಜನಕ್ಕೆ 520ರ ಹಾಗೆ 2,23,600 ಆಗ್ತಿತ್ತು. 16,400 ಉಳೀತಿತ್ತು."

"ದರ ಜಾಸ್ತಿ ಅಲ್ವೇನೇ ಅದು?"

"ದರ ಕಟ್ಕೊಂಡು ಏನ್ಮಾಡ್ತೀರಿ? 2,40,000ನ 520ರಿಂದ ಭಾಗಿಸಿ ನೋಡಿ. 461. ಅಷ್ಟು ಜನದೊಳಗೆ ಬಂದ್ರೆ ಜಾಸ್ತಿ ದರದ್ದೇ ಅಗ್ಗ. 500 ಜನ ಬರ್ತಾರಾ ಅಂತಲ್ಲ, 461 ದಾಟುತ್ತಾ ಅಂತ ಯೋಚಿಸಬೇಕಿತ್ತು."

ಭಟ್ಟರ ಹಜಾರದಲ್ಲಿ, ಕಾಫಿ ಕುಡಿಯುವಾಗ, ಇದನ್ನು ಹೇಳಬಾರದಿತ್ತೇ ಎಂದು ಕೇಳಲಿಲ್ಲ. ಕೇಳಿದ್ದರೆ, ನೀವು ಕೇಳಿದ್ರಾ ಎನ್ನುತ್ತಿದ್ದಳು.

ಬೆಳಿಗ್ಗೆ ಬಿಸಿಲು ಎಂದರೆ ಬಿಸಿಲು. ರಾತ್ರಿ ಬರಲಾಗದವರೆಲ್ಲ ಸ್ಕೂಟರು ಒರೆಸಿಕೊಂಡು ಮುಹೂರ್ತಕ್ಕೇ ಬಂದುಬಿಟ್ಟರು. "ನಿನ್ನೆ ಮಳೆ ನೋಡಿ, ತಪ್ಪು ತಿಳ್ಕೋಬೇಡಿ" ಎಂದು ಒಬ್ಬೊಬ್ಬರೂ ಕೈ ಹಿಡಿದುಕೊಂಡರು. ತಪ್ಪೇನೂ ತಿಳಿಯಲಿಲ್ಲ, ನಿನ್ನೆ ಕಳೆದದ್ದನ್ನು ಇವತ್ತು ಕೂಡುತ್ತಿದ್ದೆ ಅಷ್ಟೆ. ರಾತ್ರಿ ಉಳಿದ ಎಪ್ಪತ್ತನ್ನು ಮಧ್ಯಾಹ್ನಕ್ಕೆ ವಜಾ ಮಾಡಿಕೊಳ್ಳಿ ಎಂದು ಭಟ್ಟರನ್ನು ಕೇಳಿದೆ. "ಅನ್ನ ನಿನ್ನೇದು ಬಡಿಸಲಾ ಸಾರ್?" ಎಂದರು. ಸಣ್ಣಕ್ಷರದ ಸಾಲಿನ ಅರ್ಥ ಅದು.

ಮಧ್ಯಾಹ್ನದ್ದು ಪಂಕ್ತಿಯ ಊಟ, ಬಾಳೆಲೆ. ದೊಡ್ಡಪ್ಪ ನೋಟ್‌ಬುಕ್ಕು ಹಿಡಿದು ನಿಂತರು. ಪಂಕ್ತಿಗೆ ಎಲೆ ಹಾಕಿದ ಮೇಲೆ ಜನ ಕೂರದೆ ಖಾಲಿ ಉಳಿದವನ್ನು ಎತ್ತಿಸಿ, ಉಪ್ಪು ಬಡಿಸುವ ಮುಂಚೆ ಎಣಿಸಿ, ಪಂಕ್ತಿ ಮುಗಿದಂತೆ ಭಟ್ಟರ ಹುಡುಗನ ರುಜು ಹಾಕಿಸಿಕೊಂಡರು. ಉಪ್ಪು ಬಿದ್ದ ಎಲೆ ಉಂಡ ಎಲೆ ಎಂದು ಅವರೇ ಮಾಡಿದ ಕಾನೂನು. ವಾಲಗದವರು, ಫೋಟೋದವರು, ಹೂವಿನ ಮಂಟಪದವರು, ಕಾರಿನ ಡ್ರೈವರುಗಳು ಸೇರಿ ನಾನು ಯಾವ ಪಟ್ಟಿಯಲ್ಲೂ ಬರೆಯದಿದ್ದ 22 ಎಲೆ ಅಲ್ಲಿ ಹೊರಬಿದ್ದವು. ಯಾರೂ ಅವರಿಗೆ ಕರೆಯೋಲೆ ಕೊಡುವುದಿಲ್ಲ, ಆದರೆ ತಪ್ಪದೆ ಬರುವ ಅತಿಥಿಗಳೆಂದರೆ ಅವರೇ.

ನಾಲ್ಕನೆಯ ಪಂಕ್ತಿ ಏಳುವ ಹೊತ್ತಿಗೆ ಮೂರು ಗಂಟೆ. ಭಟ್ಟರ ಲೆಕ್ಕ 318, ದೊಡ್ಡಪ್ಪನದು 317. ಒಂದು ಎಲೆ ತಾಳೆ ಬೀಳಲಿಲ್ಲ. ಇಬ್ಬರೂ ಎದುರುಬದುರು ಕೂತು ಪಂಕ್ತಿ ಪಂಕ್ತಿಯಾಗಿ ಮತ್ತೆ ಕೂಡಿದರು. 275ರ ತನಕ 420, ಅಲ್ಲಿಂದಾಚೆ 500, ಹಾಗಾಗಿ ಜಗಳ ಐನೂರು ರೂಪಾಯಿಯದು. ಮೊದಲ ಪಂಕ್ತಿಯಲ್ಲಿ ದೇವರಿಗೆ ಮೀಸಲಿಟ್ಟ ಎಲೆ ಸೇರಿಸಿದ್ದೀರೇನೋ ಎಂದರು ದೊಡ್ಡಪ್ಪ. "ದೇವರಿಗೆ ನಾನು ಚಾರ್ಜು ಮಾಡಲ್ಲ" ಎಂದು ಭಟ್ಟರು ನೊಂದುಕೊಂಡರು.

ಕೊನೆಗೆ ಬಡಿಸುವ ಹುಡುಗನೊಬ್ಬ ಊಟದ ಮನೆಯಿಂದ ಕೂಗಿದ. "ಅಜ್ಜಾರೇ, ನಿಮಗೆ ಅಂತ ಎಲೆ ಹಾಕಿ ಆಗಲೇ ಉಪ್ಪು ಬಡಿಸಿದೀನಿ, ಬರ್ತೀರೋ ಇಲ್ವೋ?"

ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದರು. ನೋಟ್‌ಬುಕ್ಕು ತೆರೆದು 317ನ್ನು ಹೊಡೆದು 318 ಎಂದು ಬರೆದರು, ಕೆಳಗೆ ರುಜು ಹಾಕಿದರು, ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಖಾಲಿ ಊಟದ ಮನೆಯಲ್ಲಿ, ಉದ್ದನೆಯ ಸಾಲಿನ ನಡುವೆ ಒಂದೇ ಒಂದು ಎಲೆಯ ಮುಂದೆ ಕೂತು, ಸಾರಿನವನನ್ನು ಮೂರು ಸಲ ವಾಪಸು ಕರೆಸಿಕೊಂಡರು.