ಕಾವಲಿಯಷ್ಟಲ್ಲ, ಒಲೆಯಷ್ಟು

ಪರದೇಶದಲ್ಲಿರುವ ಮಗಳಿಗೆ ಒಲೆಯ ವಿಷಯವಾಗಿ ಪತ್ರ ಬರೆಯುವ ತಾಯಿಯನ್ನು ಗುರುತಿಸುವುದು ಕಷ್ಟವಲ್ಲ. ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡಿದರೂ ಅಡುಗೆಯ ಸೂಚನೆಯನ್ನು ಮಾತ್ರ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಫೋಟೊ ತೆಗೆಸಿ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಬಾಯಲ್ಲಿ ಹೇಳಿದರೆ ಮಗಳು ‘ಹೂಂ ಹೂಂ’ ಅಂದು ಮರೆಯುತ್ತಾಳೆ ಎಂಬುದು ಅವಳ ಅನುಭವ. ಹಾಸನದಿಂದ ಜರ್ಮನಿಗೆ ಹೋದ ಇಂಥದೊಂದು ಪತ್ರದಲ್ಲಿ ಮೊದಲ ಪುಟ ಥಂಡಿ, ತಲೆಗೆ ಎಣ್ಣೆ ಮತ್ತು ಚಿಕ್ಕಮ್ಮನ ಮಗನ ಮದುವೆಗೆ ಮೀಸಲು. ಇಂಡಕ್ಷನ್ ಒಲೆ ಬರುವುದು ಎರಡನೇ ಪುಟಕ್ಕೆ.

ಅಲ್ಲಿಯೂ ಮೊದಲು ಪಾತ್ರೆಯ ಮಾತು. ‘ಫ್ರಿಜ್ಜಿಗೆ ಅಂಟಿಸಿರೋ ಗೊಂಬೆ ಕಿತ್ತು ಕಾವಲಿ ತಳಕ್ಕೆ ಹಿಡಿದು ನೋಡು ಪುಟ್ಟಿ. ಕಚ್ಚಿಕೊಂಡರೆ ನಡೆಯುತ್ತೆ, ಬಿದ್ದರೆ ಇಲ್ಲ.’ ಈ ಪರೀಕ್ಷೆ ಸರಿಯಾದದ್ದೇ. ಗಾಜಿನ ಕೆಳಗಿನ ತಂತಿಸುರುಳಿ ಬೆಂಕಿ ಉಂಟುಮಾಡುವುದಿಲ್ಲ. ಅದರ ಕಾಂತಕ್ಷೇತ್ರದಿಂದ ಕಬ್ಬಿಣದ ತಳವೇ ಕಾಯುತ್ತದೆ. ಬರೀ ಅಲ್ಯೂಮಿನಿಯಂ ತಳದ ನಾನ್‌ಸ್ಟಿಕ್ ಹೀಗೆ ಕಾಯದು. ಆದ್ದರಿಂದಲೇ ಅಜ್ಜಿಯ ಕಾಲದ 30 ಸೆಂಟಿಮೀಟರಿನ ಕಬ್ಬಿಣದ ಕಾವಲಿ ಸ್ವೆಟರು ಸುತ್ತಿಕೊಂಡು ವಿಮಾನ ಹತ್ತಿತು. ಅದರ ತೂಕಕ್ಕೆ ಜಾಗ ಬಿಟ್ಟುಕೊಟ್ಟ ಚಟ್ನಿಪುಡಿಯ ವಿಚಾರ ಪತ್ರದಲ್ಲಿ ಮೂರು ಕಡೆ ಬರುತ್ತದೆ.

ತೊಂದರೆ ಶುರುವಾದದ್ದು ಆ ಕಾವಲಿಯಿಂದಲೇ. ದೋಸೆ ನಡುವೆ ಸೀಯುತ್ತಿತ್ತು, ಅಂಚು ಬಿಳಿಚಿಕೊಂಡು ಹಸಿಹಸಿಯಾಗಿ ಉಳಿಯುತ್ತಿತ್ತು. ತಾಯಿ ಮೊದಲು ಅಲ್ಲಿನ ಅಕ್ಕಿಯನ್ನು ಬೈದಳು, ಆಮೇಲೆ ಉದ್ದನ್ನು, ಕೊನೆಗೆ ಮಗಳು ಮೆಂತ್ಯ ಹಾಕದೇ ಇದ್ದದ್ದನ್ನು. ಪಕ್ಕದ ಮನೆಯಿಂದ ಇಂಡಕ್ಷನ್ ಒಲೆ ತಂದು ನಾಲ್ಕು ದಿನ ತಾನೇ ದೋಸೆ ಹುಯ್ದ ಮೇಲೆ ಹಿಟ್ಟು ನಿರ್ದೋಷಿ ಎಂದು ತೀರ್ಪು ಕೊಟ್ಟಳು. ಗ್ಯಾಸಿನ ಉರಿ ಪಾತ್ರೆಯ ತಳವನ್ನು ನೆಕ್ಕುತ್ತಾ ಅಂಚಿನ ಕಡೆಗೆ ಹರಿಯುತ್ತದೆ. ಇಂಡಕ್ಷನ್ನಿನಲ್ಲಿ ಸುರುಳಿಯ ಮೇಲಿರುವಷ್ಟು ಭಾಗ ಮಾತ್ರ ನೇರವಾಗಿ ಕಾಯುತ್ತದೆ. ಮಗಳ ಒಲೆಯ ಗುರುತುಬಳೆ 18 ಸೆಂಟಿಮೀಟರು. ಅದರಾಚೆಯ ಕಬ್ಬಿಣಕ್ಕೆ ಶಾಖ ಒಳಗೊಳಗೇ ನಡೆದು ಹೋಗಬೇಕು, ಕಬ್ಬಿಣವೋ ಶಾಖ ಸಾಗಿಸುವುದರಲ್ಲಿ ನಿಧಾನಿ. ಗ್ಯಾಸಿನ ಮೇಲೆ ಮಾಡಿದಂತೆ ಕಾವಲಿಯನ್ನು ಸುತ್ತು ತಿರುಗಿಸಿ ನೋಡಿದ್ದೂ ದಂಡ. ಸುರುಳಿಯೂ ದುಂಡಗೆ, ಕಾವಲಿಯೂ ದುಂಡಗೆ. ಎಷ್ಟು ತಿರುಗಿಸಿದರೂ ಅಂಚು ಹೊರಗೇ.

ಪರಿಹಾರ ಹೀಗಿದೆ. ಒಂಬತ್ತು ಅಂಕಿಯ ಒಲೆಯಾದರೆ ನಾಲ್ಕರಲ್ಲಿಟ್ಟು ಎಂಟು ನಿಮಿಷ, ಅಂದರೆ ‘ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತು’ ಕಾಯಿಸಬೇಕು. ಒಮ್ಮೆಲೇ ಒಂಬತ್ತಕ್ಕೆ ಏರಿಸಿದರೆ ನಡುಭಾಗ ಮೊದಲೇ ಹಿಗ್ಗಿ ತೆಳು ಕಾವಲಿ ಸೊಟ್ಟಗಾಗುತ್ತದೆ. ಆಮೇಲೆ ಅದು ಗಾಜಿನ ಮೇಲೆ ಗಿರಗಿಟ್ಲೆ ಆಡುತ್ತದೆ. ಉರಿ ಕಣ್ಣಿಗೆ ಕಾಣದ್ದರಿಂದ ನೀರೇ ಸಾಕ್ಷಿ. ಚಿಮುಕಿಸಿದ ಹನಿ ಸುಮ್ಮನೆ ಕೂತರೆ ಕಾವು ಸಾಲದು, ಚುರ್ ಎಂದು ಆರಿದರೆ ಸರಿ, ಮಣಿಯಂತೆ ಉರುಳಾಡಿದರೆ ಹೆಚ್ಚಾಯಿತು. ಹೆಚ್ಚಾದಾಗ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಅಂಕಿ ಇಳಿಸಿದ ಮಾತ್ರಕ್ಕೆ ಕಾದ ಕಬ್ಬಿಣ ಆರುವುದಿಲ್ಲ. ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಈರುಳ್ಳಿ ಹೋಳಿನಿಂದ ಉಜ್ಜಿ, ಆಮೇಲೆ ಹುಯ್ಯಬೇಕು. ‘ದೋಸೆ ಒಲೆಯಷ್ಟಿರಲಿ, ಕಾವಲಿಯಷ್ಟಲ್ಲ. ಹೋಟೆಲಿನವರ ಜೊತೆ ಪೈಪೋಟಿ ಯಾಕೆ?’ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದೆ.

ಚಪಾತಿಯ ಸಂಕಟ ಬೇರೆ. ಫುಲ್ಕವನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಉಬ್ಬಿಸೋಣವೆಂದರೆ ಉರಿಯೇ ಇಲ್ಲ. ಕಾವಲಿ ಪಕ್ಕಕ್ಕೆ ಎತ್ತಿದೊಡನೆ ಒಲೆ ಕೀಂ ಎಂದು ಮುನಿಸಿಕೊಂಡು ಶಾಖ ನಿಲ್ಲಿಸುತ್ತದೆ. ಹಾಗಾಗಿ ಉಬ್ಬುವುದೂ ಕಾವಲಿಯ ಮೇಲೇ ಆಗಬೇಕು. ಅಂಕಿ ಏಳು. ಮೊದಲ ಮಗ್ಗುಲು ಸಣ್ಣ ಗುಳ್ಳೆ ಏಳುವವರೆಗೆ ಮಾತ್ರ. ಎರಡನೆಯದು ಕಂದು ಚುಕ್ಕೆ ಬೀಳುವವರೆಗೆ. ಮತ್ತೆ ಮಗುಚಿ, ಮಡಿಸಿದ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತುತ್ತಾ ಸುತ್ತು ಬರಬೇಕು. ಎರಡೂ ಮಗ್ಗುಲ ಸಿಪ್ಪೆ ಬಿಗಿದಿದ್ದರೆ ಒಳಗಿನ ಹಬೆ ಹೋಗಲು ದಾರಿಯಿಲ್ಲದೆ ಚಪಾತಿ ಉಬ್ಬುತ್ತದೆ. ಮೊದಲ ಮಗ್ಗುಲನ್ನೇ ಹೆಚ್ಚು ಹೊತ್ತು ಬಿಟ್ಟರೆ ಅದು ಒಣಗಿ ಬಿರುಸಾಗಿ, ಹಪ್ಪಳದ ನೆಂಟನಾಗುತ್ತದೆ. ಮುಂದಿನದನ್ನು ಲಟ್ಟಿಸುವಾಗ ಅಂಕಿ ಮೂರಕ್ಕೆ ಇಳಿಸದಿದ್ದರೆ ಬರಿಗಾವಲಿ ಕಾದು, ಮೇಲುಳಿದ ಒಣಹಿಟ್ಟು ಕರಕಲಾಗಿ ಹೊಗೆ ಏಳುತ್ತದೆ, ಅಲ್ಲಿನ ಮನೆಗಳ ಹೊಗೆಗಂಟೆ ಬಡಿದುಕೊಳ್ಳುತ್ತದೆ. ಒಮ್ಮೆ ಬಡಿದುಕೊಂಡದ್ದೂ ಆಗಿದೆ. ಕೆಳಗಿನ ಮನೆಯ ಅಜ್ಜಿ ಬಂದು, ಎರಡು ಚಪಾತಿ ತಿಂದು ಹೋದರಂತೆ.

ಕೊನೆಗೆ ಕಾವಲಿಯನ್ನು ಗಾಜಿನ ಮೇಲೆ ಎಳೆಯಬೇಡ, ಎತ್ತಿಡು ಎಂಬ ಎಚ್ಚರಿಕೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ: ‘ಮುಂದಿನ ಮನೆ ನೋಡುವಾಗ ಗ್ಯಾಸ್ ಇದೆಯಾ ಅಂತ ಕೇಳು.’